ಷೇರು, ಬಡ್ಡಿ ಹಣ, ಬಂಗಾರ: ಯಾವ ವಯಸ್ಸಿಗೆ ಎಷ್ಟು, ಯಾವಾಗ ಸರಿ ಮಾಡಬೇಕು

2025ರ ದೀಪಾವಳಿ ಮುಗಿದ ವಾರ ನಾನು ಮೈಸೂರಿನಲ್ಲಿ ಅಕ್ಕನ ಮನೆಯಲ್ಲಿದ್ದೆ. ಊಟ ಆದ ಮೇಲೆ ಭಾವ ಲ್ಯಾಪ್‌ಟಾಪ್ ತಂದು ನನ್ನ ಮುಂದೆ ಇಟ್ಟರು. "ಬಂಗಾರ ಈ ಪಾಟಿ ಏರಿದೆ. ಇನ್ನೂ ಒಂದೆರಡು ಲಕ್ಷದ್ದು ತಗೊಳ್ಳೋಣ್ವಾ?" ಅಂದರು. ಜನವರಿಯಲ್ಲಿ 10 ಗ್ರಾಂಗೆ 77 ಸಾವಿರದ ಆಸುಪಾಸಿನಲ್ಲಿದ್ದ ಅಪರಂಜಿ ಆಗ 1.2 ಲಕ್ಷ ದಾಟಿತ್ತು.

"ತಗೊಳ್ಳೋದಲ್ಲ ಭಾವ, ಸ್ವಲ್ಪ ಮಾರಬೇಕು" ಅಂದೆ.

ಅಡುಗೆಮನೆಯಿಂದ ಅಕ್ಕನ ದನಿ ಬಂತು: "ಹಬ್ಬದ ವಾರ ಮನೇಲಿ ಕೂತು ಬಂಗಾರ ಮಾರೋ ಮಾತಾಡ್ತೀಯಲ್ಲೋ!"

ಆ ಮಧ್ಯಾಹ್ನ ನಾವು ಮೂವರೂ ಕೂತು ಮಾಡಿದ ಲೆಕ್ಕವೇ ಈ ಬರಹ. ಭಾವನಿಗೆ 42 ವರ್ಷ, ಖಾಸಗಿ ಕಂಪನಿಯಲ್ಲಿ ಕೆಲಸ. ನಿಮ್ಮ ವಯಸ್ಸು, ಮೊತ್ತ ಬೇರೆ ಇರಬಹುದು. ಆದರೆ ಹೆಜ್ಜೆಗಳು ಇವೇ.

ಹೆಜ್ಜೆ 1: ಎಲ್ಲವನ್ನೂ ಒಂದೇ ಹಾಳೆಗೆ ತನ್ನಿ

ಮೂರು ಸಾಲು ಸಾಕು. ಒಂದು, ಈಕ್ವಿಟಿ: ಷೇರುಗಳು ಮತ್ತು ಈಕ್ವಿಟಿ ಮ್ಯೂಚುವಲ್ ಫಂಡ್. ಎರಡು, ಡೆಟ್: ಎಫ್‌ಡಿ, ಪಿಎಫ್, ಪಿಪಿಎಫ್, ಬಾಂಡ್, ಡೆಟ್ ಫಂಡ್. ನಾವು ಯಾರಿಗೋ ಸಾಲ ಕೊಟ್ಟು ಬಡ್ಡಿ ತಗೊಳ್ಳುವ ಹಣವೆಲ್ಲ ಇದರಲ್ಲಿ ಬರುತ್ತದೆ. ನಾನು ಇದನ್ನು ಬಡ್ಡಿ ಹಣ ಅಂತಲೇ ಕರೆಯುತ್ತೇನೆ. ಮೂರು, ಬಂಗಾರ.

ಇಲ್ಲಿ ಹೆಚ್ಚಿನವರು ಮರೆಯುವುದು ಪಿಎಫ್. ಸಂಬಳದಿಂದ ತಾನಾಗಿ ಕಡಿತ ಆಗುತ್ತದೆ, ಕಣ್ಣಿಗೆ ಬೀಳುವುದಿಲ್ಲ. ಭಾವ ಕೂಡ ಮೊದಲ ಸಲ ಲೆಕ್ಕ ಹಾಕಿದಾಗ "ನಂದು ಬಹುತೇಕ ಎಲ್ಲ ಎಸ್‌ಐಪಿನೇ" ಅಂದಿದ್ದರು. ಪಾಸ್‌ಬುಕ್ ತೆಗೆದು ನೋಡಿದರೆ ಪಿಎಫ್‌ನಲ್ಲೇ 11 ಲಕ್ಷ ಇತ್ತು. ಎನ್‌ಪಿಎಸ್ ಪಿಂಚಣಿ ಖಾತೆ ಇದ್ದರೆ ಅದನ್ನು ಪೂರ್ತಿ ಒಂದೇ ಸಾಲಿಗೆ ಹಾಕಬೇಡಿ. ಅದರ ಸ್ಟೇಟ್‌ಮೆಂಟ್‌ನಲ್ಲಿ ಈಕ್ವಿಟಿ ಎಷ್ಟು, ಬಾಂಡ್ ಎಷ್ಟು ಅಂತ ಬೇರೆ ಬೇರೆ ಇರುತ್ತದೆ, ಹಾಗೇ ಒಡೆದು ಬರೆಯಿರಿ. ಹಳೇ ಎಂಡೋಮೆಂಟ್ ವಿಮಾ ಪಾಲಿಸಿ ಇದ್ದರೆ ಇವತ್ತು ಸರೆಂಡರ್ ಮಾಡಿದರೆ ಎಷ್ಟು ಬರುತ್ತದೋ ಅಷ್ಟನ್ನು ಬಡ್ಡಿ ಹಣಕ್ಕೆ ಸೇರಿಸಿ.

ಇನ್ನು ಸೇರಿಸಬಾರದ್ದು. ವಾಸ ಇರುವ ಮನೆ ಬೇಡ, ಅದನ್ನು ಮಾರಿ ಷೇರು ತಗೊಳ್ಳುವುದಿಲ್ಲ. ಆರು ತಿಂಗಳ ಖರ್ಚಿಗೆ ಅಂತ ಎತ್ತಿಟ್ಟ ಹಣ ಬೇಡ. ಮುಂದಿನ ಮೂರು ನಾಲ್ಕು ವರ್ಷದಲ್ಲಿ ಖರ್ಚಾಗುವುದು ಗ್ಯಾರಂಟಿ ಇರುವ ಹಣ, ಅಂದರೆ ಮಗಳ ಕಾಲೇಜು ಫೀಸು, ಸೈಟಿನ ಕಂತು, ಇವೂ ಬೇಡ. ಅಂಥ ಹಣಕ್ಕೆ ವಯಸ್ಸಿನ ಲೆಕ್ಕ ಹೊಂದುವುದಿಲ್ಲ. ಅದು ಎಫ್‌ಡಿಯಲ್ಲೇ ಇರಬೇಕು, ನಿಮಗೆ 25 ಆಗಿರಲಿ, 55 ಆಗಿರಲಿ.

ಒಡವೆಯನ್ನೂ ಸೇರಿಸಬೇಡಿ. ಅಕ್ಕನ ಸರ, ಬಳೆ ಈ ಹಾಳೆಗೆ ಬರಲಿಲ್ಲ, ಹಾಗಂದ ಮೇಲೇ ಅವಳು ಬಂದು ಪಕ್ಕದಲ್ಲಿ ಕೂತಿದ್ದು. ಒಡವೆಯಲ್ಲಿ ಮಜೂರಿ, ವೇಸ್ಟೇಜ್ ಅಂತ ಕೊಟ್ಟ ದುಡ್ಡು ಮಾರುವಾಗ ವಾಪಸ್ ಬರುವುದಿಲ್ಲ. ಅದಕ್ಕಿಂತ ಮುಖ್ಯವಾಗಿ, ಮಾರುಕಟ್ಟೆ ಬಿದ್ದಾಗ ಯಾರೂ ಸರ ಬಿಚ್ಚಿ ಮಾರಿ ಫಂಡಿಗೆ ಹಾಕುವುದಿಲ್ಲ. ಮಾರಲು ಮನಸ್ಸು ಬಾರದ ಬಂಗಾರ ಈ ಲೆಕ್ಕದಲ್ಲಿ ಬಂಗಾರವೇ ಅಲ್ಲ. ಷೇರಿನ ಹಾಗೆ ಮಾರುಕಟ್ಟೆಯಲ್ಲಿ ಕೊಂಡು ಮಾರುವ ಗೋಲ್ಡ್ ಇಟಿಎಫ್, ಗೋಲ್ಡ್ ಫಂಡ್, ಮೊದಲೇ ತಗೊಂಡ ಸಾವರಿನ್ ಗೋಲ್ಡ್ ಬಾಂಡ್, ಲಾಕರಿನಲ್ಲಿರುವ ಕಾಯಿನ್ನು, ಇಷ್ಟೇ ಸಾಕು. ಸಾವರಿನ್ ಬಾಂಡಿನ ಹೊಸ ಕಂತು 2024ರ ಫೆಬ್ರವರಿ ನಂತರ ಬಂದಿಲ್ಲ. ಹಾಗಾಗಿ ಹೊಸದಾಗಿ ಶುರು ಮಾಡುವವರಿಗೆ ಇಟಿಎಫ್ ಅಥವಾ ಗೋಲ್ಡ್ ಫಂಡೇ ಸುಲಭದ ದಾರಿ.

ಭಾವನ ಹಾಳೆ 2025ರ ಜನವರಿಯಲ್ಲಿ ಹೀಗಿತ್ತು: ಈಕ್ವಿಟಿ ಫಂಡ್ 36 ಲಕ್ಷ. ಬಡ್ಡಿ ಹಣ 18 ಲಕ್ಷ, ಅದರಲ್ಲಿ ಪಿಎಫ್ 11, ಪಿಪಿಎಫ್ 4, ಎಫ್‌ಡಿ 3. ಗೋಲ್ಡ್ ಇಟಿಎಫ್ 6 ಲಕ್ಷ. ಒಟ್ಟು 60 ಲಕ್ಷ. ಅಂದರೆ ನೂರಕ್ಕೆ 60, 30, 10.

ಹೆಜ್ಜೆ 2: ವಯಸ್ಸಿಗೆ ತಕ್ಕ ಮಿಶ್ರಣ ಆರಿಸಿ

ನೂರರಿಂದ ನಿಮ್ಮ ವಯಸ್ಸು ಕಳೆಯಿರಿ, ಉಳಿದಷ್ಟು ಶೇಕಡಾ ಈಕ್ವಿಟಿಯಲ್ಲಿ ಇರಲಿ ಅನ್ನುವ ಹಳೇ ಸೂತ್ರ ಕೇಳಿರುತ್ತೀರಿ. ಕೆಟ್ಟ ಸೂತ್ರವೇನಲ್ಲ. ಆದರೆ ಅದು ಯಾಕೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ, ಎಲ್ಲಿ ಕೈ ಕೊಡುತ್ತದೆ ಅಂತಲೂ ಗೊತ್ತಾಗುತ್ತದೆ.

2008ರ ಜನವರಿಯಲ್ಲಿ ಸೆನ್ಸೆಕ್ಸ್ 21 ಸಾವಿರದ ಹತ್ತಿರ ಇತ್ತು. 2009ರ ಮಾರ್ಚ್ ಹೊತ್ತಿಗೆ 8,200ಕ್ಕಿಂತ ಕೆಳಗೆ ಬಿತ್ತು. ನೂರು ರೂಪಾಯಿ ಹಾಕಿದವನ ಹತ್ತಿರ ನಲವತ್ತು ಉಳಿಯಿತು. ಈಗ ಇಬ್ಬರನ್ನು ನೋಡಿ. ಒಬ್ಬ 25 ವರ್ಷದ ಹುಡುಗ, ತಿಂಗಳಿಗೆ 5 ಸಾವಿರ ಹಾಕುತ್ತಿದ್ದಾನೆ. ಅವನ ಹತ್ತಿರ ಇದ್ದದ್ದೇ ಒಂದು ಲಕ್ಷ, ಅದು 40 ಸಾವಿರ ಆಯಿತು. ಬೇಜಾರು ನಿಜ. ಆದರೆ ಅವನು ಇನ್ನೂ 35 ವರ್ಷ ದುಡಿಯುತ್ತಾನೆ, ಆ ಬಿದ್ದ ಬೆಲೆಯಲ್ಲೇ ಯೂನಿಟ್ ಕೊಳ್ಳುತ್ತಾನೆ. ಇನ್ನೊಬ್ಬರು ಆ ಜನವರಿಯಲ್ಲೇ ನಿವೃತ್ತರಾದವರು. 50 ಲಕ್ಷ ಪೂರ್ತಿ ಷೇರಿನಲ್ಲಿದೆ, ತಿಂಗಳಿಗೆ 25 ಸಾವಿರ ಅದರಿಂದಲೇ ತೆಗೆಯಬೇಕು. 50 ಲಕ್ಷ 20 ಲಕ್ಷ ಆದ ಮೇಲೂ ಅವರ ದಿನಸಿ, ಔಷಧಿ ನಿಲ್ಲುವುದಿಲ್ಲ. ಬಿದ್ದ ಬೆಲೆಗೇ ಮಾರಿ ಮಾರಿ ತಿನ್ನಬೇಕು. ಆಮೇಲೆ ಮಾರುಕಟ್ಟೆ ಎದ್ದರೂ ಮಾರಿಹೋದ ಯೂನಿಟ್ ಏಳುವುದಿಲ್ಲ.

ಹುಡುಗನಿಗೆ ಮುಂದೆ ಬರುವ ಸಂಬಳವೇ ಒಂದು ದೊಡ್ಡ ಎಫ್‌ಡಿ ಇದ್ದ ಹಾಗೆ. ವಯಸ್ಸಾದ ಹಾಗೆ ಆ ಎಫ್‌ಡಿ ಕರಗುತ್ತಾ ಬರುತ್ತದೆ, ಅದರ ಜಾಗವನ್ನು ನಿಜವಾದ ಬಡ್ಡಿ ಹಣ ತುಂಬಬೇಕು. ವಯಸ್ಸಿನ ಸೂತ್ರದ ಒಳಗಿರುವ ವಿಷಯ ಇಷ್ಟೇ.

ಸಂಬಳದ ಕೆಲಸದಲ್ಲಿರುವ, 60ಕ್ಕೆ ನಿವೃತ್ತರಾಗುವವರಿಗೆ ನಾನು ಹೇಳುವ ಅಂಕಿಗಳು ಇವು. ಈಕ್ವಿಟಿ, ಬಡ್ಡಿ ಹಣ, ಬಂಗಾರ ಈ ಕ್ರಮದಲ್ಲಿ ಓದಿಕೊಳ್ಳಿ:

- 35ರವರೆಗೆ: 70, 20, 10
- 36ರಿಂದ 45: 60, 30, 10
- 46ರಿಂದ 55: 50, 40, 10
- 56ರಿಂದ 60: 40, 50, 10
- ನಿವೃತ್ತಿಯ ನಂತರ: 30, 60, 10

46ನೇ ಹುಟ್ಟುಹಬ್ಬದ ದಿನ ನೂರರಲ್ಲಿ ಹತ್ತು ಪಾಲು ಮಾರಿಬಿಡಿ ಅಂತ ಅರ್ಥ ಅಲ್ಲ. ವರ್ಷಕ್ಕೆ ಒಂದು ಪಾಲಿನ ಹಾಗೆ ನಿಧಾನವಾಗಿ ಇಳಿಸಬೇಕು, 50 ದಾಟಿದ ಮೇಲೆ ವರ್ಷಕ್ಕೆ ಎರಡು. ಎನ್‌ಪಿಎಸ್‌ನಲ್ಲಿ ಎಲ್‌ಸಿ 50 ಅನ್ನುವ ಆಟೋ ಆಯ್ಕೆ ಇದೆ. ಅದು 35 ವರ್ಷದವರೆಗೆ ಅರ್ಧ ಹಣ ಈಕ್ವಿಟಿಯಲ್ಲಿಟ್ಟು, ಆಮೇಲೆ ಪ್ರತಿ ವರ್ಷ ಇಳಿಸುತ್ತಾ 55ಕ್ಕೆ 10ಕ್ಕೆ ತರುತ್ತದೆ. ನನ್ನ ಪ್ರಕಾರ ಅದು ಜಾಸ್ತಿ ಹೆದರಿಕೆಯ ಲೆಕ್ಕ. 55 ವರ್ಷದವರು ಇನ್ನೂ 30 ವರ್ಷ ಬದುಕುವ ಸಾಧ್ಯತೆ ಇದೆ, 10 ಪಾಲು ಈಕ್ವಿಟಿ ಬೆಲೆಯೇರಿಕೆಯ ಎದುರು ನಿಲ್ಲುವುದು ಕಷ್ಟ. ಆದರೆ ಮೆಟ್ಟಿಲು ಇಳಿಯುವ ರೀತಿ ಮಾತ್ರ ನೋಡಿ ಕಲಿಯುವ ಹಾಗಿದೆ.

ಹೆಜ್ಜೆ 3: ಕೆಲಸ ನೋಡಿ ಅಂಕಿ ಬದಲಿಸಿ

ಒಂದೇ ವಯಸ್ಸಿನ ಇಬ್ಬರಿಗೆ ಒಂದೇ ಮಿಶ್ರಣ ಹೊಂದಬೇಕು ಅಂತೇನಿಲ್ಲ. 2006ರ ಏಪ್ರಿಲ್ 1ಕ್ಕೆ ಮುಂಚೆ ಕರ್ನಾಟಕ ಸರ್ಕಾರದ ಕೆಲಸಕ್ಕೆ ಸೇರಿದವರಿಗೆ ಹಳೇ ಪಿಂಚಣಿ ಬರುತ್ತದೆ. ತಿಂಗಳಾದರೆ ಬರುವ ಆ ಪಿಂಚಣಿ ದೊಡ್ಡ ಬಡ್ಡಿ ಹಣವೇ. ಅಂಥ 55 ವರ್ಷದ ಮೇಷ್ಟ್ರು ಕೈಯಲ್ಲಿರುವ ಉಳಿತಾಯದಲ್ಲಿ 50 ಪಾಲು ಈಕ್ವಿಟಿ ಇಟ್ಟರೂ ರಾತ್ರಿ ನಿದ್ದೆಗೆ ತೊಂದರೆ ಇಲ್ಲ. ಅದೇ ತೀರ್ಥಹಳ್ಳಿ ಕಡೆಯ 40 ವರ್ಷದ ಅಡಿಕೆ ಬೆಳೆಗಾರರನ್ನು ತಗೊಳ್ಳಿ. ಅವರ ಆದಾಯವೇ ರೇಟಿನ ಜೊತೆ ಏರಿ ಇಳಿಯುತ್ತದೆ, ಕೊಳೆರೋಗ ಬಂದ ವರ್ಷ ಫಸಲೇ ಕೈಗೆ ಹತ್ತುವುದಿಲ್ಲ. ಅವರ ಬದುಕಿನಲ್ಲಿ ರಿಸ್ಕು ಈಗಾಗಲೇ ಸಾಕಷ್ಟಿದೆ. ಅವರಿಗೆ 60ರ ಬದಲು 45 ಸಾಕು. ಅಂಗಡಿ ನಡೆಸುವವರಿಗೂ ಇದೇ ಮಾತು.

ಇನ್ನೊಂದು ಪರೀಕ್ಷೆ ಇದೆ. ಇದನ್ನು ನಾನು ಪೆಟ್ಟು ತಿಂದು ಕಲಿತಿದ್ದು. 2007ರ ಡಿಸೆಂಬರ್‌ನಲ್ಲಿ ನನಗೆ 27 ವರ್ಷ. ಕೈಯಲ್ಲಿದ್ದ 3 ಲಕ್ಷ ಪೂರ್ತಿ ಈಕ್ವಿಟಿ ಫಂಡಿಗೆ ಹಾಕಿದೆ. ಚಿಕ್ಕ ವಯಸ್ಸು, ಏನಾಗುತ್ತೆ ಬಿಡು ಅನ್ನುವ ಧೈರ್ಯ. 2009ರ ಫೆಬ್ರವರಿಯಲ್ಲಿ ಸ್ಟೇಟ್‌ಮೆಂಟ್‌ನಲ್ಲಿ 1.3 ಲಕ್ಷ ಅಂತ ನೋಡಿ ತಡೆಯಲಾರದೆ ಪೂರ್ತಿ ಮಾರಿಬಿಟ್ಟೆ. ಮುಂದಿನ ತಿಂಗಳಿಂದಲೇ ಮಾರುಕಟ್ಟೆ ಎದ್ದಿತು. ವಯಸ್ಸಿನ ಸೂತ್ರ ನನಗೆ 73 ಅಂದಿತ್ತು. ನಿಜವಾಗಿ ನನಗೆ ತಡೆಯಲು ಆಗುತ್ತಿದ್ದದ್ದು ಬಹುಶಃ 50.

ಅದಕ್ಕೇ ಈಗ ಯಾರ ಹಾಳೆ ನೋಡಿದರೂ ಮೊದಲು ಈಕ್ವಿಟಿಯ ಮೊತ್ತವನ್ನು ಅರ್ಧ ಮಾಡಿ ರೂಪಾಯಿಯಲ್ಲಿ ಬರೆಯುತ್ತೇನೆ. ಶೇಕಡಾದಲ್ಲಿ ಅಲ್ಲ, ರೂಪಾಯಿಯಲ್ಲಿ. ಜನವರಿಯಲ್ಲಿ ಹಾಳೆ ಮಾಡಿದಾಗಲೇ ಭಾವನಿಗೆ ಕೇಳಿದೆ: "36 ಲಕ್ಷ ಇದ್ದಿದ್ದು ಒಂದು ವರ್ಷದಲ್ಲಿ 18 ಆಗುತ್ತೆ. ಎಸ್‌ಐಪಿ ನಿಲ್ಲಿಸ್ತೀರಾ?" ಅವರು ಅಕ್ಕನ ಮುಖ ನೋಡಿದರು. ಅಕ್ಕ ಸ್ವಲ್ಪ ಯೋಚಿಸಿ, "ಮನೆ ಸಾಲ ತೀರಿದೆಯಲ್ಲ, ಸಂಬಳ ಬರ್ತಿದ್ರೆ ತಡ್ಕೋಬಹುದು" ಅಂದಳು. ಹಾಗಾಗಿ 60 ಉಳಿಯಿತು. ಇಲ್ಲಿ ಗಂಡ ಹೆಂಡತಿ ಇಬ್ಬರೂ ಇರಲೇಬೇಕು. ಮಾರುಕಟ್ಟೆ ಬಿದ್ದಾಗ ಮನೆಯಲ್ಲಿ ಜಾಸ್ತಿ ಹೆದರುವವರ ಮಾತೇ ಗೆಲ್ಲುವುದು.

ಹೆಜ್ಜೆ 4: ಬಂಗಾರಕ್ಕೆ ಹತ್ತೇ ಯಾಕೆ

ಕಂಪನಿ ಲಾಭ ಮಾಡುತ್ತದೆ, ಎಫ್‌ಡಿ ಬಡ್ಡಿ ಕೊಡುತ್ತದೆ. ಬಂಗಾರ ಸುಮ್ನೆ ಇರುತ್ತದೆ. ಅದರಿಂದ ಬರುವುದೆಲ್ಲ ಬೆಲೆ ಏರಿದರೆ ಮಾತ್ರ. ಆ ಬೆಲೆ ಡಾಲರಿನಲ್ಲಿ ನಿರ್ಧಾರ ಆಗುತ್ತದೆ, ರೂಪಾಯಿ ಸೊರಗಿದಾಗ ನಮಗೆ ಇನ್ನೂ ಸ್ವಲ್ಪ ಜಾಸ್ತಿ ಸಿಗುತ್ತದೆ. ಷೇರು ಬಿದ್ದು ಜನ ಹೆದರಿದ ಕಾಲದಲ್ಲಿ ಬಂಗಾರ ಎಷ್ಟೋ ಸಲ ನಿಂತುಕೊಂಡಿದೆ, ಏರಿದ್ದೂ ಇದೆ. ನಮಗೆ ಬೇಕಾಗಿರುವುದು ಈ ಗುಣ.

ಆದರೆ ಬಂಗಾರ ಇಳಿಯುವುದೇ ಇಲ್ಲ ಅನ್ನುವವರಿಗೆ 2012ರಿಂದ 2015ರ ಕಥೆ ನೆನಪಿಸಬೇಕು. 2012ರ ಕೊನೆಗೆ 10 ಗ್ರಾಂಗೆ ಹತ್ತಿರ ಹತ್ತಿರ 31 ಸಾವಿರ ಇದ್ದದ್ದು 2015ರ ಕೊನೆಗೆ 25–26 ಸಾವಿರಕ್ಕೆ ಬಂತು. ಮೂರು ವರ್ಷ ಕಾದು ನಷ್ಟ. ಅದೇ ದುಡ್ಡು ಸಾದಾ ಎಫ್‌ಡಿಯಲ್ಲಿದ್ದರೂ ಕಾಲು ಪಾಲು ಬೆಳೆದಿರುತ್ತಿತ್ತು. ಐದಕ್ಕಿಂತ ಕಡಿಮೆ ಇಟ್ಟರೆ ಕಷ್ಟಕಾಲದಲ್ಲಿ ಲೆಕ್ಕಕ್ಕೇ ಬರುವುದಿಲ್ಲ. ಹದಿನೈದು ದಾಟಿದರೆ ಇಂಥ ಮಂಕು ವರ್ಷಗಳು ಒಟ್ಟು ಬೆಳವಣಿಗೆಯನ್ನೇ ಎಳೆಯುತ್ತವೆ. ಅದಕ್ಕೆ ಹತ್ತು. ಮೇಲಿನ ಪಟ್ಟಿಯಲ್ಲಿ ವಯಸ್ಸು ಏರಿದರೂ ಬಂಗಾರದ ಪಾಲು ಬದಲಾಗಿಲ್ಲ, ಗಮನಿಸಿ. ಅದರ ಕೆಲಸ ಎಲ್ಲಾ ವಯಸ್ಸಿನಲ್ಲೂ ಒಂದೇ.

ಹೆಜ್ಜೆ 5: ಯಾವಾಗ ಕೈ ಹಾಕಬೇಕು ಅಂತ ಮೊದಲೇ ಬರೆದಿಡಿ

ಮಿಶ್ರಣ ಒಂದು ಸಲ ಆರಿಸಿದ ಮೇಲೆ ತಾನಾಗಿ ಹಾಗೇ ಉಳಿಯುವುದಿಲ್ಲ. ಚೆನ್ನಾಗಿ ಏರಿದ್ದು ದಪ್ಪ ಆಗುತ್ತಾ ಹೋಗುತ್ತದೆ. ಅದನ್ನು ಮತ್ತೆ ಮೊದಲಿನ ಅಳತೆಗೆ ತರುವುದೇ ರೀಬ್ಯಾಲೆನ್ಸ್. ಪ್ರತಿ ತಿಂಗಳು ಮಾಡಿದರೆ ತೆರಿಗೆ, ಬೇಗ ಮಾರಿದ್ದಕ್ಕೆ ಫಂಡ್ ಹಿಡಿಯುವ ಎಕ್ಸಿಟ್ ಲೋಡ್ ಅಂತ ಸುಮ್ನೆ ಖರ್ಚು. ಮಾಡದೇ ಬಿಟ್ಟರೆ ಹತ್ತು ವರ್ಷದ ನಂತರ ಯಾರದೋ ಬೇರೆಯವರ ಮಿಶ್ರಣ ನಿಮ್ಮ ಕೈಯಲ್ಲಿರುತ್ತದೆ.

ನಾನು ಪಾಲಿಸುವುದು ಎರಡು ನಿಯಮ. ವರ್ಷಕ್ಕೆ ಒಂದು ಸಲ ನಿಗದಿ ದಿನ ಹಾಳೆ ತೆಗೆದು ನೋಡುವುದು. ಭಾವ ದೀಪಾವಳಿ ವಾರ ಅಂತ ಇಟ್ಟುಕೊಂಡಿದ್ದಾರೆ. ನೋಡಿದ ಮೇಲೂ ಗೆರೆ ದಾಟಿದ್ದರೆ ಮಾತ್ರ ಕೈ ಹಾಕುವುದು. ಈಕ್ವಿಟಿಗೆ ಮತ್ತು ಬಡ್ಡಿ ಹಣಕ್ಕೆ ಗೆರೆ ಐದು ಪಾಲು: 60 ಗುರಿ ಇದ್ದರೆ 55ರಿಂದ 65ರವರೆಗೆ ಸುಮ್ನೆ ಇರಬೇಕು. ಬಂಗಾರದ ಪಾಲು ಚಿಕ್ಕದು, ಅದಕ್ಕೆ ಐದರ ಗೆರೆ ಹಾಕಿದರೆ ಅದು ಅರ್ಧಕ್ಕರ್ಧ ಏರಿದರೂ ದಾಟುವುದಿಲ್ಲ. ಅದಕ್ಕೆ ಗುರಿಯ ಕಾಲು ಭಾಗ, ಅಂದರೆ 7.5ರಿಂದ 12.5.

ಇದರ ಜೊತೆಗೆ ಒಂದು ಅಪವಾದ. ನಿಫ್ಟಿ ಹಿಂದಿನ ಎತ್ತರದಿಂದ ಐದನೇ ಒಂದು ಭಾಗ ಬಿದ್ದರೆ ನಿಗದಿ ದಿನಕ್ಕೆ ಕಾಯದೆ ಹಾಳೆ ತೆಗೆಯಬೇಕು.

ಗೂಗಲ್ ಶೀಟಿನಲ್ಲಿ ಇದಕ್ಕೆ ಎರಡೇ ಸೂತ್ರ ಸಾಕು. A ಕಾಲಂನಲ್ಲಿ ಹೆಸರು, B ಯಲ್ಲಿ ಮೊತ್ತ, C ಯಲ್ಲಿ ಈಗಿನ ಪಾಲು, D ಯಲ್ಲಿ ಗುರಿ, E ಯಲ್ಲಿ ಗೆರೆ. ಗುರಿ ಮತ್ತು ಗೆರೆಯನ್ನು 60%, 5% ಅಂತ ಶೇಕಡಾ ಗುರುತು ಸೇರಿಸಿಯೇ ಬರೆಯಿರಿ, ಇಲ್ಲದಿದ್ದರೆ ಉತ್ತರ ತಪ್ಪಾಗುತ್ತದೆ. ಇವು C2 ಮತ್ತು F2 ಗೆ, ಕೆಳಗಿನ ಎರಡು ಸಾಲಿಗೆ ಎಳೆದುಕೊಳ್ಳಿ:

```
=B2/SUM(B$2:B$4)
=IF(ABS(C2-D2)>E2,"ಕೈ ಹಾಕು","ಬಿಡು")
```

ಹೆಜ್ಜೆ 6: ಬಂಗಾರ ಗೆರೆ ದಾಟಿದಾಗ ನಾವು ಮಾಡಿದ್ದು

ಈಗ ಆ ಮಧ್ಯಾಹ್ನಕ್ಕೆ ಬರೋಣ. ಹತ್ತು ತಿಂಗಳಲ್ಲಿ ಭಾವ ತಿಂಗಳಿಗೆ 30 ಸಾವಿರದ ಹಾಗೆ ಈಕ್ವಿಟಿ ಎಸ್‌ಐಪಿ ಕಟ್ಟಿದ್ದರು, ಪಿಎಫ್‌ಗೆ ಅವರದೂ ಕಂಪನಿಯದೂ ಸೇರಿ ತಿಂಗಳಿಗೆ 18 ಸಾವಿರ ಹೋಗಿತ್ತು. ಎಲ್ಲ ಸೇರಿಸಿ ನೋಡಿದರೆ ಈಕ್ವಿಟಿ 41.5 ಲಕ್ಷ, ಬಡ್ಡಿ ಹಣ 21 ಲಕ್ಷ, ಬಂಗಾರ 9.5 ಲಕ್ಷ. ಒಟ್ಟು 72 ಲಕ್ಷ. ಒಂದು ರೂಪಾಯಿಯ ಹೊಸ ಬಂಗಾರ ಕೊಳ್ಳದೇ ಅದರ ಪಾಲು 10ರಿಂದ 13.2 ಆಗಿತ್ತು. ಈಕ್ವಿಟಿ 57.6, ಬಡ್ಡಿ ಹಣ 29.2, ಇವೆರಡೂ ಗೆರೆಯ ಒಳಗೇ ಇದ್ದವು. ಶೀಟಿನಲ್ಲಿ ಬಂಗಾರದ ಮುಂದೆ ಮಾತ್ರ "ಕೈ ಹಾಕು" ಅಂತ ಬಂತು.

72 ಲಕ್ಷದಲ್ಲಿ ಹತ್ತು ಪಾಲು ಅಂದರೆ 7.2 ಲಕ್ಷ. ಇದ್ದದ್ದು 9.5, ಜಾಸ್ತಿ ಇದ್ದದ್ದು 2.3 ಲಕ್ಷ. ಇದನ್ನು ಸರಿ ಮಾಡಲು ಎರಡು ದಾರಿ. ಒಂದು, ಏನೂ ಮಾರದೆ ಹೊಸ ಹಣವನ್ನೆಲ್ಲ ಉಳಿದ ಎರಡಕ್ಕೆ ಹಾಕುವುದು. ತೆರಿಗೆ ಇಲ್ಲ, ಯಾವಾಗಲೂ ಮೊದಲು ಇದನ್ನೇ ನೋಡಬೇಕು. 30 ವರ್ಷದವರಿಗೆ ಬಹಳಷ್ಟು ಸಲ ಇದೊಂದೇ ಸಾಕಾಗುತ್ತದೆ, ಯಾಕೆಂದರೆ ಅವರ ವರ್ಷದ ಉಳಿತಾಯ ಗಂಟಿಗೆ ಹೋಲಿಸಿದರೆ ದೊಡ್ಡದು. ಭಾವನಿಗೆ ಸಾಕಾಗುವುದಿಲ್ಲ. ವರ್ಷಕ್ಕೆ 5.76 ಲಕ್ಷ ಹಾಕಿದರೂ, ಬೆಲೆಗಳು ಇದ್ದಲ್ಲೇ ಇದ್ದರೆ, ಬಂಗಾರ 12.2ಕ್ಕೆ ಬಂದು ನಿಲ್ಲುತ್ತದೆ ಅಷ್ಟೇ. ವಯಸ್ಸಾದ ಹಾಗೆ ಗಂಟು ದೊಡ್ಡದಾಗಿ, ಹೊಸ ಹಣಕ್ಕೆ ಅದನ್ನು ಅಲ್ಲಾಡಿಸುವ ಶಕ್ತಿ ಕಡಿಮೆ ಆಗುತ್ತದೆ.

ಎರಡನೇ ದಾರಿ 2.3 ಲಕ್ಷ ಪೂರ್ತಿ ಮಾರುವುದು. ಗೋಲ್ಡ್ ಇಟಿಎಫ್ 12 ತಿಂಗಳಿಗಿಂತ ಜಾಸ್ತಿ ಇಟ್ಟುಕೊಂಡಿದ್ದರೆ ಲಾಭದ ಮೇಲೆ 12.5 ಪರ್ಸೆಂಟ್ ತೆರಿಗೆ, ಜೊತೆಗೆ ಸೆಸ್. ಭಾವ ಕೊಂಡಿದ್ದ ಬೆಲೆ ಈಗಿನದರ ಸುಮಾರು ಅರ್ಧ. ಹಾಗಾಗಿ ಲಾಭ 1.15 ಲಕ್ಷ, ತೆರಿಗೆ ಹತ್ತಿರ ಹತ್ತಿರ 15 ಸಾವಿರ. ಈಕ್ವಿಟಿಗೆ ಸಿಗುವ 1.25 ಲಕ್ಷದ ವಿನಾಯಿತಿ ಬಂಗಾರಕ್ಕೆ ಇಲ್ಲ.

ನಾವು ಎರಡನ್ನೂ ಕೂಡಿಸಿದೆವು. ಅರ್ಧ, ಅಂದರೆ 1.2 ಲಕ್ಷದ ಇಟಿಎಫ್ ಮಾರಿದೆವು. ಬಂಗಾರ 11.5ಕ್ಕೆ ಬಂದು ಗೆರೆಯ ಒಳಗಾಯಿತು. ಲಾಭ 60 ಸಾವಿರ, ತೆರಿಗೆ 7,800 ರೂಪಾಯಿ. ಬಂದ ಹಣದಲ್ಲಿ ತೆರಿಗೆಯಷ್ಟು ಉಳಿತಾಯ ಖಾತೆಯಲ್ಲಿ ಬಿಟ್ಟು ಉಳಿದದ್ದನ್ನು ಈಕ್ವಿಟಿ ಫಂಡಿಗೆ ಹಾಕಿದೆವು, ಯಾಕೆಂದರೆ ಗುರಿಗಿಂತ ಜಾಸ್ತಿ ಹಿಂದೆ ಬಿದ್ದಿದ್ದು ಅದೇ. ಮಿಕ್ಕಿದ ಅರ್ಧವನ್ನು ಮುಂದಿನ ವರ್ಷದ ಎಸ್‌ಐಪಿ, ಪಿಎಫ್ ನಿಧಾನವಾಗಿ ಸರಿ ಮಾಡುತ್ತವೆ. ಮಾರುವಾಗ ಒಂದು ಚಿಕ್ಕ ಎಚ್ಚರಿಕೆ: ಕೆಲವು ಗೋಲ್ಡ್ ಇಟಿಎಫ್‌ಗಳಲ್ಲಿ ವ್ಯಾಪಾರ ತೀರಾ ತೆಳು. ಸಿಕ್ಕ ಬೆಲೆಗೆ ಮಾರುವ ಮಾರ್ಕೆಟ್ ಆರ್ಡರ್ ಹಾಕಬೇಡಿ. ಆ ದಿನದ ಎನ್‌ಎವಿ, ಅಂದರೆ ಒಂದು ಯೂನಿಟ್ಟಿನ ನಿಜವಾದ ಮೌಲ್ಯ, ಅದರ ಹತ್ತಿರದ ಬೆಲೆಗೆ ಲಿಮಿಟ್ ಆರ್ಡರ್ ಹಾಕಿ ಕಾಯಿರಿ.

ಹೆಜ್ಜೆ 7: ಷೇರು ಬಿದ್ದಾಗ ಎಲ್ಲಿಂದ ತರುತ್ತೀರಿ

ಏರಿದ್ದನ್ನು ಮಾರುವುದಕ್ಕಿಂತ ಬಿದ್ದದ್ದನ್ನು ಕೊಳ್ಳುವುದು ಕಷ್ಟ. 2020ರ ಜನವರಿಯಲ್ಲಿ ನಿಫ್ಟಿ 12,362 ಮುಟ್ಟಿತ್ತು. ಮಾರ್ಚ್ 23ಕ್ಕೆ 7,610. ನೂರು ರೂಪಾಯಿಯ 60-30-10 ಮಿಶ್ರಣ ಇದ್ದವರ ಈಕ್ವಿಟಿ 60ರಿಂದ ಸುಮಾರು 37ಕ್ಕೆ ಬಂತು. ಬಂಗಾರ, ಬಡ್ಡಿ ಹಣ ಇದ್ದಲ್ಲೇ ಇವೆ ಅಂದುಕೊಂಡರೆ ಒಟ್ಟು 77, ಅದರಲ್ಲಿ ಈಕ್ವಿಟಿಯ ಪಾಲು 48. ಮತ್ತೆ 60 ಪಾಲಿಗೆ ತರಬೇಕಾದರೆ ಬಡ್ಡಿ ಹಣ, ಬಂಗಾರದಿಂದ ಒಂಬತ್ತು ರೂಪಾಯಿ ತೆಗೆದು ತರಬೇಕು. ಅಷ್ಟು ತಂದವರ ಹತ್ತಿರ, ನಿಫ್ಟಿ ನವೆಂಬರ್‌ನಲ್ಲಿ ಹಳೇ ಎತ್ತರ ಮುಟ್ಟಿದಾಗ 106 ಇತ್ತು. ಏನೂ ಮಾಡದವರಿಗೆ 100.

ಆದರೆ ಮಾರ್ಚ್ 23ರಂದು ಅದೇ ತಳ ಅಂತ ಯಾರಿಗೂ ಗೊತ್ತಿರಲಿಲ್ಲ. ಐದು ಪಾಲಿನ ಗೆರೆ ಇಟ್ಟುಕೊಂಡವರಿಗೆ ಮಾರ್ಚ್ 12ರ ಹೊತ್ತಿಗೇ, ನಿಫ್ಟಿ 9,600ರ ಬಳಿ ಇದ್ದಾಗಲೇ "ಕೈ ಹಾಕು" ಅಂತ ಬಂದಿರುತ್ತದೆ. ಹಾಕಿದ ಮೇಲೆ ಹತ್ತೇ ದಿನದಲ್ಲಿ ಇನ್ನೂ ಐದನೇ ಒಂದು ಭಾಗ ಬಿತ್ತು. ಹೊಟ್ಟೆ ತೊಳಸುವುದು ಇಲ್ಲೇ. ಅದಕ್ಕೆ ನಾನು ಇಂಥ ಸಮಯದಲ್ಲಿ ಬೇಕಾದ ಹಣವನ್ನು ಮೂರು ಭಾಗ ಮಾಡಿ, 15 ದಿನಕ್ಕೊಂದರ ಹಾಗೆ ಹಾಕಿ ಅನ್ನುತ್ತೇನೆ. ದಿನಾಂಕ ಮೊದಲೇ ಬರೆದುಕೊಳ್ಳಿ. ಇಲ್ಲದಿದ್ದರೆ ಎರಡನೇ ಭಾಗ ಹಾಕುವ ದಿನ ಟಿವಿ ನೋಡಿ ಮನಸ್ಸು ಬದಲಾಗುತ್ತದೆ.

ಇನ್ನೊಂದು ತೊಡಕು ಹಾಳೆಯಲ್ಲಿ ಕಾಣುವುದೇ ಇಲ್ಲ. ಭಾವನ ಬಡ್ಡಿ ಹಣದಲ್ಲಿ ಹೆಚ್ಚಿನದು ಪಿಎಫ್, ಪಿಪಿಎಫ್. ಮಾರುಕಟ್ಟೆ ಬಿತ್ತು ಅಂತ ಅದನ್ನು ತೆಗೆದು ಷೇರಿಗೆ ಹಾಕಲು ಬರುವುದಿಲ್ಲ. ಕೈಗೆ ಸಿಗುವುದು 3 ಲಕ್ಷದ ಎಫ್‌ಡಿ ಮಾತ್ರ. ಅವರ ಗಂಟಿಗೆ 2020ರಂಥ ಹೊಡೆತ ಬಿದ್ದರೆ 6 ಲಕ್ಷಕ್ಕೂ ಜಾಸ್ತಿ ಬೇಕಾಗುತ್ತದೆ. ಹಾಗಾಗಿ ಬಡ್ಡಿ ಹಣವನ್ನು ಬೀಗ ಹಾಕಿದ್ದು, ತೆರೆದದ್ದು ಅಂತ ಎರಡಾಗಿ ಬರೆಯಿರಿ. ಒಟ್ಟು ಗಂಟಿನ ಹತ್ತು ಪಾಲಾದರೂ ತೆರೆದದ್ದಾಗಿರಲಿ: ಎಫ್‌ಡಿ, ಲಿಕ್ವಿಡ್ ಫಂಡ್, ಕಡಿಮೆ ಅವಧಿಯ ಡೆಟ್ ಫಂಡ್. ಭಾವನಿಗೆ ಪಿಪಿಎಫ್‌ಗೆ ವರ್ಷಕ್ಕೆ 500 ರೂಪಾಯಿ ಮಾತ್ರ ಕಟ್ಟಿ ಖಾತೆ ಜೀವಂತ ಇಡಿ, ಬೋನಸ್ ಬಂದಾಗ ಎಫ್‌ಡಿ ಮಾಡಿ ಅಂದೆ.

ಎನ್‌ಪಿಎಸ್ ಇರುವವರಿಗೆ ಇಲ್ಲೊಂದು ಸೌಲಭ್ಯ ಇದೆ. ಅದರ ಒಳಗೇ ಬಾಂಡಿನಿಂದ ಈಕ್ವಿಟಿಗೆ, ಈಕ್ವಿಟಿಯಿಂದ ಬಾಂಡಿಗೆ ಬದಲಿಸಿದರೆ ತೆರಿಗೆ ಬೀಳುವುದಿಲ್ಲ. ಮೊದಲು ಅದರೊಳಗೆ ಎಷ್ಟು ಸರಿ ಮಾಡಬಹುದೋ ಮಾಡಿ, ಆಮೇಲೆ ಹೊರಗಿನ ಫಂಡಿಗೆ ಕೈ ಹಾಕಿ.

ಹೆಜ್ಜೆ 8: ಈಕ್ವಿಟಿ ಮಾರುವಾಗ

ಏರಿದ ಈಕ್ವಿಟಿಯನ್ನು ಇಳಿಸಬೇಕಾದರೆ ಒಂದು ವರ್ಷ ದಾಟಿದ ಯೂನಿಟ್ಟನ್ನೇ ಮಾರಿ. ವರ್ಷದೊಳಗೆ ಮಾರಿದರೆ ಲಾಭದ ಮೇಲೆ 20 ಪರ್ಸೆಂಟ್ ತೆರಿಗೆ, ಬಹಳಷ್ಟು ಫಂಡಿನಲ್ಲಿ 1 ಪರ್ಸೆಂಟ್ ಎಕ್ಸಿಟ್ ಲೋಡ್ ಬೇರೆ. ವರ್ಷ ದಾಟಿದ್ದಕ್ಕೆ 12.5, ಅದೂ ಹಣಕಾಸು ವರ್ಷದಲ್ಲಿ ಲಾಭ 1.25 ಲಕ್ಷ ಮೀರಿದ ಮೇಲೆ. ಎಸ್‌ಐಪಿಯ ಪ್ರತಿ ಕಂತಿಗೂ ಅದರದ್ದೇ ಒಂದು ವರ್ಷ, ಮೊದಲು ಕೊಂಡದ್ದು ಮೊದಲು ಮಾರಾಟ ಆಗುತ್ತದೆ. ದೊಡ್ಡ ಮೊತ್ತ ಇಳಿಸುವುದಿದ್ದರೆ ಅರ್ಧ ಮಾರ್ಚ್‌ನಲ್ಲಿ, ಅರ್ಧ ಏಪ್ರಿಲ್‌ನಲ್ಲಿ ಮಾರಿ. ವಿನಾಯಿತಿ ಎರಡು ಸಲ ಸಿಗುತ್ತದೆ. ಡೆಟ್ ಫಂಡ್ ಮಾತ್ರ ಬೇರೆ: 2023ರ ಏಪ್ರಿಲ್ 1ರಿಂದ ಈಚೆಗೆ ಕೊಂಡದ್ದಕ್ಕೆ ಎಷ್ಟು ವರ್ಷ ಇಟ್ಟರೂ ನಿಮ್ಮ ಸ್ಲ್ಯಾಬಿನ ತೆರಿಗೆಯೇ.

ಹೆಜ್ಜೆ 9: 50ರ ಮೇಲೆ ಲೆಕ್ಕ ತಿರುಗಿಸಿ

ನಿವೃತ್ತಿ ಹತ್ತಿರ ಬಂದಾಗ ಶೇಕಡಾ ಬಿಟ್ಟು ವರ್ಷಗಳಲ್ಲಿ ಎಣಿಸಿ. 2008ರ ಎತ್ತರವನ್ನು ಸೆನ್ಸೆಕ್ಸ್ 2010ರ ನವೆಂಬರ್‌ನಲ್ಲಿ ಒಮ್ಮೆ ಮುಟ್ಟಿ ಮತ್ತೆ ಜಾರಿತು. ಅದನ್ನು ದಾಟಿ ಮುಂದೆ ಹೋಗಿದ್ದು 2013ರ ಕೊನೆಗೆ. ಅಂದರೆ ಆರು ವರ್ಷ. ಹಾಗಾಗಿ ನಿವೃತ್ತಿಯ ದಿನ ಏಳು ವರ್ಷದ ಖರ್ಚು ಬಡ್ಡಿ ಹಣದಲ್ಲಿ ಇರಬೇಕು ಅನ್ನುವುದು ನನ್ನ ಲೆಕ್ಕ. ಪಿಂಚಣಿ, ಬಾಡಿಗೆ ಕಳೆದು ತಿಂಗಳಿಗೆ 50 ಸಾವಿರ ಬೇಕು ಅಂದರೆ ವರ್ಷಕ್ಕೆ 6 ಲಕ್ಷ, ಏಳು ವರ್ಷಕ್ಕೆ 42 ಲಕ್ಷ. ಬೆಲೆಯೇರಿಕೆಗೆ ಸ್ವಲ್ಪ ಸೇರಿಸಿ 50 ಅನ್ನಿ. ಗಂಟು ಒಂದು ಕೋಟಿ ಇದ್ದರೆ ಅರ್ಧ ಬಡ್ಡಿ ಹಣ ಆಯಿತು, ಮೇಲಿನ ಪಟ್ಟಿಯ 60ರೊಳಗೇ ಬಂತು. ಗಂಟು 60 ಲಕ್ಷವೇ ಇದ್ದರೆ ಬಹುಪಾಲು ಬಡ್ಡಿ ಹಣಕ್ಕೇ ಹೋಗುತ್ತದೆ. ಅಂಥವರು ಪಟ್ಟಿ ನೋಡಿ 30 ಪಾಲು ಈಕ್ವಿಟಿ ಇಡುವ ಮುಂಚೆ ಖರ್ಚು ಇಳಿಯುತ್ತದೋ, ಇನ್ನೆರಡು ವರ್ಷ ದುಡಿಯಲು ಆಗುತ್ತದೋ ನೋಡಬೇಕು. 60 ತುಂಬಿದವರಿಗೆ ಸೀನಿಯರ್ ಸಿಟಿಜನ್ ಸೇವಿಂಗ್ಸ್ ಸ್ಕೀಮ್‌ನಲ್ಲಿ 30 ಲಕ್ಷದವರೆಗೆ ಇಡಬಹುದು, ಮೂರು ತಿಂಗಳಿಗೊಮ್ಮೆ ಬಡ್ಡಿ ಖಾತೆಗೆ ಬರುತ್ತದೆ.

ನಿವೃತ್ತಿಯ ನಂತರ ರೀಬ್ಯಾಲೆನ್ಸ್ ಸುಲಭ, ಯಾಕೆಂದರೆ ಹೇಗೂ ಹಣ ತೆಗೆಯುತ್ತಲೇ ಇರುತ್ತೀರಿ. ಆ ವರ್ಷ ಯಾವುದು ಗುರಿಗಿಂತ ದಪ್ಪ ಆಗಿದೆಯೋ ಅದರಿಂದ ಖರ್ಚಿಗೆ ತೆಗೆಯಿರಿ. ಷೇರು ಬಿದ್ದ ವರ್ಷ ಬಡ್ಡಿ ಹಣದಿಂದ, ಏರಿದ ವರ್ಷ ಷೇರಿನಿಂದ.

ನಾವು ಇಟಿಎಫ್ ಮಾರಿದ ಮೇಲೂ ಬಂಗಾರ ಏರುತ್ತಲೇ ಹೋಯಿತು. ಡಿಸೆಂಬರ್ ಕೊನೆಯಲ್ಲಿ ಭಾವ ಫೋನ್ ಮಾಡಿದರು. "ನೋಡಪ್ಪಾ, ಆವತ್ತು ಮಾರದೇ ಇದ್ದಿದ್ರೆ ಇನ್ನೂ 15 ಸಾವಿರ ಬರ್ತಿತ್ತು" ಅಂದರು. ನಿಜ ಭಾವ, ಅಂದೆ. ಮಾರದೆ ಉಳಿಸಿಕೊಂಡ 8.3 ಲಕ್ಷದಲ್ಲಿ ಎಷ್ಟು ಬಂತು ನೋಡಿದಿರಾ ಅಂತ ಕೇಳಿದೆ. ಅಷ್ಟರಲ್ಲಿ ಅಕ್ಕ ಫೋನ್ ಕಿತ್ತುಕೊಂಡಳು. ಅವಳಿಗೆ ಬೇಕಾಗಿದ್ದು ಒಂದೇ ಉತ್ತರ: ಮುಂದಿನ ದೀಪಾವಳಿವರೆಗೆ ಯಾರೂ ಆ ಶೀಟ್ ತೆಗೆಯುವ ಹಾಗಿಲ್ಲ ತಾನೇ?